ಉಕ್ತಿಯೊಳಗಣ ಅನುಕ್ತ

ಸುಗ್ಗಿಯ ದಿನಗಳಲ್ಲಿ ಕಣದ ನಡುವೆ ಜೋಳದ ರಾಶಿ ಬಿದ್ದಿರುತ್ತದೆ. ಮನೆಯ ಹಿರಿಯನು ಆಕಾಶದತ್ತ ಒಮ್ಮೆ ಕಣ್ಣೆತ್ತಿ ನೋಡಿ, "ಪಡುವಲಕ್ಕೆ ಮೋಡ ಏರಿದೆ, ರಾಶಿಗೆ ತಾಡಪತ್ರಿ ಹೊದಿಸಿರಿ" ಎನ್ನುತ್ತಾನೆ. ಮಕ್ಕಳು ಮರುಮಾತಿಲ್ಲದೆ ಓಡುತ್ತಾರೆ. ಆ ಹಿರಿಯನು ಆಡಿದ್ದು ಎರಡು ಮಾತು. ಮೋಡ ಏರಿದರೆ ಮಳೆ ಬರುವ ಸಂಭವವುಂಟೆಂಬುದನ್ನಾಗಲಿ, ಮಳೆಯಲ್ಲಿ ನೆನೆದ ಕಾಳು ಕೆಡುವುದೆಂಬುದನ್ನಾಗಲಿ ಅವನು ಬಾಯಿಬಿಟ್ಟು ಹೇಳಲಿಲ್ಲ. ಆದರೂ ಆ ಎರಡು ಸಂಗತಿಗಳಿಲ್ಲದೆ ಮೊದಲ ಮಾತಿಗೂ ಎರಡನೆಯ ಮಾತಿಗೂ ಯಾವ ಸಂಬಂಧವೂ ಇಲ್ಲ. ಕೇಳಿದವರು ಆ ಸಂಬಂಧವನ್ನು ತಮ್ಮ ಮನಸ್ಸಿನಿಂದಲೇ ತಂದುಕೊಂಡರು. ಹೇಳಿದವನಿಗೆ ಅರ್ಧ ಶ್ರಮ, ಕೇಳಿದವರಿಗೆ ಅರ್ಧ ಶ್ರಮ. ಕಾರ್ಯವು ಮಾತ್ರ ಪೂರ್ಣ.

ಲೋಕದ ವಾದಗಳಲ್ಲಿ ಬಹುಪಾಲು ಈ ಜಾತಿಯವು. ನಿಗಮನವೊಂದು, ಅದಕ್ಕೆ ಕೊಟ್ಟ ಕಾರಣವೊಂದು. ಇವೆರಡನ್ನೂ ಬೆಸೆಯುವ ಮೂರನೆಯ ಮಾತು ಆಡುವವನ ಬಾಯಿಂದ ಹೊರಬೀಳದೆ ಉಳಿದಿರುತ್ತದೆ. ಗ್ರೀಕರು ಇಂತಹ ವಾದವನ್ನು ‘ಎಂಥುಮೇಮ’ ಎಂದು ಕರೆದರು. ಮನಸ್ಸಿನಲ್ಲಿ ಆಲೋಚಿಸುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದ ಶಬ್ದವದು. ಕನ್ನಡದಲ್ಲಿ ಇದನ್ನು ಲುಪ್ತಾವಯವಾನುಮಾನ ಎನ್ನಬಹುದು. ಅಂಗಗಳಲ್ಲಿ ಒಂದು ಲೋಪವಾಗಿರುವ ಅನುಮಾನವೆಂದು ಅರ್ಥ. ಲೋಪವಾದುದನ್ನು ಮರಳಿ ಕೂಡಿಸುವುದು ಹೇಗೆ, ಕೂಡಿಸುವಾಗ ಬರೆದವನಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬ ಎರಡು ಪ್ರಶ್ನೆಗಳು ಇಲ್ಲಿ ವಿಚಾರಣೀಯವಾಗಿವೆ.

ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿದ್ದ ಅರಿಸ್ಟಾಟಲನು ತನ್ನ ವಾಗ್ಮಿತೆಯ ಗ್ರಂಥದಲ್ಲಿ ಇದಕ್ಕೆ ಒಂದು ಸರಳವಾದ ಉದಾಹರಣೆಯನ್ನು ಕೊಟ್ಟಿದ್ದಾನೆ. ಡೋರಿಯಸ್ ಎಂಬವನು ಕಿರೀಟವೇ ಬಹುಮಾನವಾಗಿರುವ ಪಂದ್ಯದಲ್ಲಿ ಗೆದ್ದನೆಂದು ಸಭೆಗೆ ತಿಳಿಸಬೇಕಾಗಿದೆ. ಆಗ ಅವನು ಒಲಿಂಪಿಕ್ ಪಂದ್ಯದಲ್ಲಿ ಗೆದ್ದನೆಂದರೆ ಸಾಕು. ಒಲಿಂಪಿಕ್ ಪಂದ್ಯದ ಬಹುಮಾನ ಕಿರೀಟವೆಂದು ಸೇರಿಸಬೇಕಾಗಿಲ್ಲ, ಏಕೆಂದರೆ ಅದನ್ನು ಅರಿಯದ ಗ್ರೀಕನಿಲ್ಲ. ಸಭೆಯಲ್ಲಿ ಮಾತನಾಡುವವನು ಎಲ್ಲವನ್ನೂ ಬಿಡಿಸಿ ಹೇಳಹೊರಟರೆ ಕೇಳುವವರಿಗೆ ಬೇಸರ. ತಿಳಿದುದನ್ನು ಬಿಟ್ಟರೆ ಅವರೂ ವಾದದಲ್ಲಿ ಪಾಲುಗಾರರಾಗುತ್ತಾರೆ. ತಾವೇ ಕೂಡಿಸಿದ ಮಾತನ್ನು ತಾವೇ ಅಲ್ಲಗಳೆಯುವವರು ವಿರಳ. ಲುಪ್ತಾವಯವ ವಾದದ ಬಲವೂ ಅಪಾಯವೂ ಇದೊಂದೇ ಗುಣದಲ್ಲಿ ಅಡಗಿವೆ.

ಭಾರತೀಯ ತರ್ಕಶಾಸ್ತ್ರವು ಇದೇ ವಿಷಯವನ್ನು ಬೇರೊಂದು ಕಡೆಯಿಂದ ನೋಡಿತು. ಇತರರಿಗೆ ಮನಗಾಣಿಸುವ ಅನುಮಾನಕ್ಕೆ ನೈಯಾಯಿಕರು ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಐದು ಅವಯವಗಳನ್ನು ವಿಧಿಸಿದರು. ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆ ಇರುವುದರಿಂದ, ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಕಂಡಂತೆ, ಈ ಬೆಟ್ಟವೂ ಅಂತಹುದೇ, ಆದಕಾರಣ ಇಲ್ಲಿ ಬೆಂಕಿಯಿದೆ. ವಾದಸಭೆಯಲ್ಲಿ ಇವುಗಳಲ್ಲೊಂದನ್ನು ಬಿಟ್ಟವನು ‘ನ್ಯೂನ’ ಎಂಬ ನಿಗ್ರಹಸ್ಥಾನಕ್ಕೆ ಗುರಿಯಾಗುತ್ತಾನೆ. ಎಂದರೆ ಸೋತನೆಂದೇ ಲೆಕ್ಕ. ಮೀಮಾಂಸಕರು ಮೂರು ಅವಯವಗಳೇ ಸಾಕೆಂದರು. ಬೌದ್ಧತಾರ್ಕಿಕನಾದ ಧರ್ಮಕೀರ್ತಿಯಾದರೋ ಬಲ್ಲವರ ಮುಂದೆ ಹೇತುವೊಂದನ್ನೇ ಹೇಳಿದರೂ ಸಾಕೆಂಬಷ್ಟು ದೂರ ಹೋದನು. ಇದು ಕೇವಲ ಎಣಿಕೆಯ ಜಗಳವಲ್ಲ. ಕೇಳುವವನು ಎಷ್ಟನ್ನು ಬಲ್ಲ, ಅವನ ಪಾಲಿಗೆ ಎಷ್ಟನ್ನು ಬಿಡಬಹುದು ಎಂಬುದೇ ಇಲ್ಲಿಯ ಪ್ರಶ್ನೆ. ಆದರೆ ಅವಯವಗಳ ಸಂಖ್ಯೆಯಲ್ಲಿ ಭಿನ್ನಮತವಿದ್ದರೂ, ಹೇತುವಿಗೂ ಸಾಧ್ಯಕ್ಕೂ ಇರುವ ನಿಯತಸಂಬಂಧವೇ ಅನುಮಾನದ ಜೀವವೆಂಬ ವಿಷಯದಲ್ಲಿ ಇವರೆಲ್ಲರೂ ಒಮ್ಮತದವರು. ಆ ಸಂಬಂಧಕ್ಕೆ ವ್ಯಾಪ್ತಿಯೆಂದು ಹೆಸರು. ನಿತ್ಯದ ಮಾತಿನಲ್ಲಿ ಸಾಮಾನ್ಯವಾಗಿ ಲೋಪವಾಗುವುದು ಈ ವ್ಯಾಪ್ತಿಯೇ.

ಇನ್ನು ಲೋಪವಾದುದನ್ನು ಕೂಡಿಸುವ ಕ್ರಮ. ಹಸ್ತಪ್ರತಿಗಳ ವಿಚಾರದಲ್ಲಿ ಆಗಾಗ ಕೇಳಿಬರುವ ಒಂದು ಮಾತನ್ನು ತೆಗೆದುಕೊಳ್ಳೋಣ: "ಈ ಕಾವ್ಯವು ತಾಳೆಗರಿಯಲ್ಲಿ ದೊರೆತಿದೆ, ಆದ್ದರಿಂದ ಇದು ಬಹು ಪ್ರಾಚೀನವಾದುದು." ಮೊದಲು ಮಾಡಬೇಕಾದುದು ನಿಗಮನವನ್ನೂ ಹೇತುವನ್ನೂ ಬೇರ್ಪಡಿಸುವುದು. ‘ಆದ್ದರಿಂದ’, ‘ಏಕೆಂದರೆ’, ‘ಆದಕಾರಣ’, ‘ಅಲ್ಲವೆ’ ಮೊದಲಾದ ಮಾತುಗಳು ಇದಕ್ಕೆ ಕೈಮರಗಳು. ಅವು ಇಲ್ಲದ ಕಡೆಯಲ್ಲಿ, ಬರೆದವನು ಯಾವುದನ್ನು ನಂಬಿಸಲು ಹೊರಟಿದ್ದಾನೆ, ಯಾವುದನ್ನು ಓದುಗನು ಆಗಲೇ ಒಪ್ಪಿರುವನೆಂದು ಭಾವಿಸಿದ್ದಾನೆ ಎಂದು ವಿಚಾರಿಸಿದರೆ ಇವೆರಡೂ ಬೇರಾಗುತ್ತವೆ. ಇಲ್ಲಿ ಕಾವ್ಯದ ಪ್ರಾಚೀನತೆಯು ಸಾಧ್ಯ, ತಾಳೆಗರಿಯಲ್ಲಿರುವುದು ಹೇತು.

ಎರಡನೆಯದಾಗಿ, ಹೇತುವಿನಲ್ಲಿದ್ದು ನಿಗಮನದಲ್ಲಿಲ್ಲದ ಪದವನ್ನೂ, ನಿಗಮನದಲ್ಲಿದ್ದು ಹೇತುವಿನಲ್ಲಿಲ್ಲದ ಪದವನ್ನೂ ಗುರುತಿಸಬೇಕು. ಕಾವ್ಯವೆಂಬುದು ಎರಡು ಕಡೆಯೂ ಇದೆ. ತಾಳೆಗರಿಯೆಂಬುದು ಒಂದು ಕಡೆ, ಪ್ರಾಚೀನವೆಂಬುದು ಇನ್ನೊಂದು ಕಡೆ ಒಂಟಿಯಾಗಿ ನಿಂತಿವೆ. ಈ ಎರಡು ಒಂಟಿ ಪದಗಳನ್ನು ಕೂಡಿಸುವ ವಾಕ್ಯವೇ ಲೋಪವಾಗಿರುವ ವಾಕ್ಯ. ಊಹೆಗೆ ಇಲ್ಲಿ ಅಷ್ಟಾಗಿ ಎಡೆಯಿಲ್ಲ. ಹೊಲಿಗೆ ಬಿಚ್ಚಿದ ಬಟ್ಟೆಯಲ್ಲಿ ಸೂಜಿಯ ತೂತುಗಳು ಹೊಲಿಗೆಯ ದಾರಿಯನ್ನು ತೋರುವಂತೆ ಈ ಪದಗಳೇ ದಾರಿ ತೋರುತ್ತವೆ.

ಮೂರನೆಯ ಹೆಜ್ಜೆಯೇ ಕಠಿನವಾದುದು. ಆ ವಾಕ್ಯದ ಅಗಲ ಎಷ್ಟಿರಬೇಕು? "ಈ ಕಾವ್ಯವು ತಾಳೆಗರಿಯಲ್ಲಿದ್ದರೆ ಇದು ಪ್ರಾಚೀನ" ಎಂದು ಕೂಡಿಸಿದರೆ ವಾದವು ತೋರಿಕೆಗೆ ಪೂರ್ತಿಯಾಗುತ್ತದೆ. ಆದರೆ ಹೊಸದಾಗಿ ಏನೂ ಹೇಳಿದಂತಾಗಲಿಲ್ಲ. ಇದು ಮೊದಲಿನ ಮಾತನ್ನೇ ಇನ್ನೊಮ್ಮೆ ಆಡಿದಂತೆ. "ತಾಳೆಗರಿಯಲ್ಲಿರುವುದೆಲ್ಲವೂ ಬಹು ಪ್ರಾಚೀನ" ಎಂದರೆ ಅದು ಅತಿಯಾಯಿತು. 19ನೆಯ ಶತಮಾನದಲ್ಲಿಯೂ ಓಲೆಯ ಮೇಲೆ ಬರೆಯುವ ಲಿಪಿಕಾರರಿದ್ದರು. ಹೀಗೆ ಅತಿಯಾದ ಮಾತನ್ನು ಬರೆದವನ ತಲೆಗೆ ಕಟ್ಟಿ, ಅನಂತರ ಅದನ್ನು ಖಂಡಿಸಿ ಗೆದ್ದೆನೆನ್ನುವುದು ವಿದ್ವತ್ತಿನ ಲಕ್ಷಣವಲ್ಲ. ಇವೆರಡರ ನಡುವೆ, ನಿಗಮನವನ್ನು ಹೊರಲು ಸಾಕಾಗುವಷ್ಟು ಬಲವುಳ್ಳ, ಆದರೆ ಅದಕ್ಕಿಂತ ಹೆಚ್ಚು ಭಾರವಿಲ್ಲದ ವಾಕ್ಯವನ್ನು ಹುಡುಕಬೇಕು. "ಓಲೆಯ ಪ್ರತಿಗಳು ಸಾಮಾನ್ಯವಾಗಿ ಕಾಗದವು ಬಳಕೆಗೆ ಬರುವುದಕ್ಕೆ ಹಿಂದಿನವು" ಎಂಬುದು ಅಂತಹ ವಾಕ್ಯ. ಶಾಸ್ತ್ರಕಾರರು ಇದನ್ನೇ ಲಾಘವವೆನ್ನುತ್ತಾರೆ. ವಾಕ್ಯದಲ್ಲಿ ‘ಸಾಮಾನ್ಯವಾಗಿ’ ಎಂಬ ಮಾತು ಬಂದ ಕೂಡಲೇ ನಿಗಮನವೂ ‘ಬಹುಶಃ’ ಎಂದು ತಗ್ಗಬೇಕಾಗುತ್ತದೆಂಬುದನ್ನು ಮರೆಯಲಾಗದು. ಬರೆದವನು ನಿಶ್ಚಯವಾಗಿ ನುಡಿದಿದ್ದರೆ, ಅವನ ನಿಶ್ಚಯಕ್ಕೂ ಅವನ ಆಧಾರಕ್ಕೂ ನಡುವಿನ ಅಂತರವು ಅಲ್ಲಿಯೇ ಕಣ್ಣಿಗೆ ಬೀಳುತ್ತದೆ.

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಓಲೆಯ ಪ್ರತಿ ಹಳೆಯದೆಂದೇ ಒಪ್ಪಿದರೂ ಹಳೆಯದಾದುದು ಪ್ರತಿ. ಕಾವ್ಯವು ಅದಕ್ಕಿಂತ ಹಿಂದಿನದಿರಬಹುದು, ಎಷ್ಟು ಹಿಂದಿನದೆಂಬುದು ಓಲೆಯಿಂದ ತಿಳಿಯದು. ಪ್ರತಿಯ ಕಾಲವೇ ಕೃತಿಯ ಕಾಲವೆಂಬ ಇನ್ನೊಂದು ಮಾತು ಮೊದಲನೆಯದರ ಹಿಂದೆ ಸದ್ದಿಲ್ಲದೆ ನಿಂತಿತ್ತು. ಒಂದು ವಾದದಲ್ಲಿ ಒಂದೇ ಲೋಪವಿರಬೇಕೆಂಬ ನಿಯಮವಿಲ್ಲ. ಕೂಡಿಸಿದ ಮೇಲೆ ಮತ್ತೊಮ್ಮೆ ಮೊದಲಿಂದ ಓದಿ, ಎಲ್ಲಿಯಾದರೂ ಹೆಜ್ಜೆ ಹಾರಿದೆಯೇ ಎಂದು ನೋಡಬೇಕು.

ಕೂಡಿಸಿದ ಮಾತು ಯಾರದು ಎಂಬ ಪ್ರಶ್ನೆಯೂ ಏಳುತ್ತದೆ. "ಬಾಗಿಲನ್ನು…" ಎಂದಷ್ಟೇ ಒಬ್ಬನು ಹೇಳಿದರೆ ಕೇಳಿದವನು ಮುಚ್ಚಬೇಕೆಂದು ತಿಳಿಯುತ್ತಾನೆ. ಇಲ್ಲಿ ‘ಮುಚ್ಚು’ ಎಂಬ ಶಬ್ದವನ್ನೇ ಅಧ್ಯಾಹಾರ ಮಾಡಿಕೊಳ್ಳಬೇಕೆಂದು ಕುಮಾರಿಲಭಟ್ಟನ ಮತದವರು ಹೇಳಿದರೆ, ಅರ್ಥವನ್ನು ಮಾತ್ರ ಅಧ್ಯಾಹಾರ ಮಾಡಿಕೊಂಡರೆ ಸಾಕೆಂದು ಪ್ರಾಭಾಕರರು ವಾದಿಸಿದರು. ಮೀಮಾಂಸೆಯ ಈ ಚರ್ಚೆಯಲ್ಲಿ ಯಾರ ಪಕ್ಷ ಹೆಚ್ಚೆಂಬುದು ಹಾಗಿರಲಿ; ಲುಪ್ತಾವಯವವನ್ನು ಕೂಡಿಸುವವನಿಗೆ ಪ್ರಾಭಾಕರರ ಎಚ್ಚರವೇ ಹೆಚ್ಚು ಪ್ರಯೋಜನಕಾರಿ. ಕೂಡಿಸಿದ ಅರ್ಥಕ್ಕೆ ಬರೆದವನು ಹೊಣೆ; ಅದಕ್ಕೆ ತೊಡಿಸಿದ ಶಬ್ದಗಳಿಗೆ ಓದುಗನು ಹೊಣೆ. ಆದುದರಿಂದ ಇಂಥವನು ಹೀಗೆ ಹೇಳಿದ್ದಾನೆಂದು ಬರೆಯದೆ, ಇಂಥವನ ವಾದವು ನಿಲ್ಲಬೇಕಾದರೆ ಹೀಗೊಂದು ಮಾತು ಬೇಕಾಗುತ್ತದೆಂದು ಬರೆಯುವುದೇ ಪ್ರಾಮಾಣಿಕವಾದ ರೀತಿ.

ಈ ಕ್ರಮವನ್ನು ಒಂದು ದೊಡ್ಡ ಪ್ರಶ್ನೆಯಲ್ಲಿ ಪ್ರಯೋಗಿಸಿ ನೋಡುವುದು ಉಚಿತ. ಕನ್ನಡದಲ್ಲಿ ಇಂದಿಗೆ ಉಳಿದುಬಂದಿರುವ ಗ್ರಂಥಗಳಲ್ಲಿ ಮೊದಲನೆಯದು ಕವಿರಾಜಮಾರ್ಗ. ಸುಮಾರು ಕ್ರಿ.ಶ. 850ರ ಕೃತಿ. ಕೆ. ಬಿ. ಪಾಠಕರು ಇದನ್ನು 1898ರಲ್ಲಿ ಮೊದಲ ಬಾರಿಗೆ ಸಂಪಾದಿಸಿ ಅಚ್ಚು ಹಾಕಿಸಿದಾಗ ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನೇ ಇದರ ಕರ್ತೃವೆಂದು ಭಾವಿಸಿದರು. ಅನಂತರದ ವಿದ್ವಾಂಸರು ಆ ಪಟ್ಟವನ್ನು ಅವನ ಆಸ್ಥಾನದ ಶ್ರೀವಿಜಯನಿಗೆ ಕೊಟ್ಟರು. ಈ ವಿವಾದದಲ್ಲಿ ಎದುರುಬದುರಾಗಿ ನಿಂತ ವಾದಗಳೆಲ್ಲವೂ ಲುಪ್ತಾವಯವಗಳೇ ಆಗಿರುವುದು ಗಮನಿಸತಕ್ಕ ಸಂಗತಿ.

ಮೊದಲನೆಯ ವಾದ ಹೀಗಿದೆ: ಗ್ರಂಥದಲ್ಲಿ ನೃಪತುಂಗನ ಹೆಸರೂ ಅವನ ಬಿರುದುಗಳೂ ಅಲ್ಲಲ್ಲಿ ಬಂದಿವೆ, ಆದ್ದರಿಂದ ಗ್ರಂಥವು ನೃಪತುಂಗನದು. ಒಂಟಿ ಪದಗಳನ್ನು ಕೂಡಿಸಿದರೆ, ಯಾರ ಹೆಸರು ಗ್ರಂಥದಲ್ಲಿ ಮತ್ತೆ ಮತ್ತೆ ಬರುವುದೋ ಅವರೇ ಅದರ ಕರ್ತೃವೆಂಬ ವ್ಯಾಪ್ತಿ ದೊರೆಯುತ್ತದೆ. ಬಾಯಿಬಿಟ್ಟು ಹೇಳಿದೊಡನೆ ಅದರ ದೌರ್ಬಲ್ಯ ಬಯಲಾಗುತ್ತದೆ. ಪಂಪನ ವಿಕ್ರಮಾರ್ಜುನವಿಜಯದ ಉದ್ದಕ್ಕೂ ಅರಿಕೇಸರಿಯ ಹೆಸರಿದೆ, ಬಿರುದುಗಳಿವೆ. ಕವಿಯು ಅವನನ್ನು ಅರ್ಜುನನೊಡನೆ ಒಂದಾಗಿಸಿಯೇ ಕಥೆ ನಡೆಸಿದ್ದಾನೆ. ರನ್ನನ ಗದಾಯುದ್ಧದಲ್ಲಿ ಭೀಮನೊಡನೆ ಸತ್ಯಾಶ್ರಯನು ಹೀಗೆಯೇ ಒಂದಾಗಿದ್ದಾನೆ. ಹೀಗಿದ್ದರೂ ಆ ಕಾವ್ಯಗಳನ್ನು ಅರಸರು ಬರೆದರೆಂದು ಯಾರೂ ಹೇಳುವುದಿಲ್ಲ. ಹೇತುವಿದ್ದು ಸಾಧ್ಯವಿಲ್ಲದ ಸ್ಥಳವೊಂದು ಸಿಕ್ಕಿದರೆ ಅದಕ್ಕೆ ವ್ಯಭಿಚಾರವೆಂದು ಹೆಸರು. ಇಲ್ಲಿ ಎರಡು ಸಿಕ್ಕಿವೆ.

ಆದರೆ ಇಷ್ಟಕ್ಕೇ ತೃಪ್ತಿಪಟ್ಟರೆ ಪೂರ್ವಪಕ್ಷಕ್ಕೆ ಅನ್ಯಾಯವಾದೀತು. ನೃಪತುಂಗನ ಪಕ್ಷದವನು ಹೀಗೆ ಹೇಳಬಹುದು: "ನಾನು ಕಾವ್ಯಗಳ ಮಾತನ್ನಾಡಿಲ್ಲ. ಕಾವ್ಯದಲ್ಲಿ ಅರಸನು ಕಥಾನಾಯಕನಾಗಿ ಬರುತ್ತಾನೆ. ಲಕ್ಷಣಗ್ರಂಥದಲ್ಲಿ ಕಥೆಯೇ ಇಲ್ಲ. ಅಲ್ಲಿ ಅರಸನ ಹೆಸರು ಬರಬೇಕಾದರೆ ಅವನು ಶಾಸ್ತ್ರಕಾರನಾಗಿಯೇ ಬರಬೇಕು." ಇದು ಮೊದಲಿನದಕ್ಕಿಂತ ಸೂಕ್ಷ್ಮವಾದ ವ್ಯಾಪ್ತಿ, ಪರೀಕ್ಷೆಗೆ ಯೋಗ್ಯವಾದುದು. ಆದರೂ ಆಶ್ರಯ ಕೊಟ್ಟ ದೊರೆಯ ಹೆಸರನ್ನೂ ಮನ್ನಣೆಯನ್ನೂ ಶಾಸ್ತ್ರಗ್ರಂಥದಲ್ಲಿ ಮತ್ತೊಬ್ಬನು ಸೇರಿಸಲು ಯಾವ ಅಡ್ಡಿಯೂ ಇಲ್ಲವಾದ್ದರಿಂದ ಇದು ನಿಶ್ಚಯವನ್ನು ಕೊಡಲಾರದು, ಸಂಭವವನ್ನು ಮಾತ್ರ ಕೊಡುತ್ತದೆ.

ಎರಡನೆಯ ವಾದ ಎದುರುಪಕ್ಷದ್ದು. ಗ್ರಂಥದ ಪರಿಚ್ಛೇದಗಳ ಕೊನೆಯ ಗದ್ಯದಲ್ಲಿ ಕೃತಿಯು ನೃಪತುಂಗದೇವನಿಗೆ ಅನುಮತವಾದುದೆಂದು ಹೇಳಲಾಗಿದೆ. ಆದ್ದರಿಂದ ನೃಪತುಂಗನು ಕರ್ತೃವಲ್ಲ. ಇಲ್ಲಿ ಲೋಪವಾದ ಮಾತು ಬಹು ಸೊಗಸಾದುದು: ತಾನೇ ಬರೆದುದನ್ನು ತನಗೆ ಸಮ್ಮತವೆಂದು ಯಾರೂ ಹೇಳಿಕೊಳ್ಳುವುದಿಲ್ಲ. ಅನುಮತಿಯೆಂಬುದಕ್ಕೆ ಇಬ್ಬರು ಬೇಕು, ಮಾಡುವವನೊಬ್ಬ, ಒಪ್ಪುವವನೊಬ್ಬ. ಇದು ಗ್ರಂಥದ ಹೊರಗಿನಿಂದ ತಂದ ಸಂಗತಿಯಲ್ಲ. ಶಬ್ದದ ಶಕ್ತಿಯಿಂದಲೇ ಬಂದುದು. ಆದ್ದರಿಂದ ಈ ವ್ಯಾಪ್ತಿ ಮೊದಲನೆಯದಕ್ಕಿಂತ ಗಟ್ಟಿ.

ಆದರೂ ಮೊದಲಿಂದ ಓದುವ ನಿಯಮವನ್ನು ಇಲ್ಲಿಯೂ ಪಾಲಿಸಬೇಕು. ಪರಿಚ್ಛೇದದ ಕೊನೆಯ ಗದ್ಯವನ್ನು ಗ್ರಂಥಕರ್ತನೇ ಬರೆದನೆಂದು ಈ ವಾದವು ಮಾತಿಲ್ಲದೆ ಒಪ್ಪಿಕೊಂಡಿದೆ. ಇಂತಹ ಗದ್ಯಗಳು ಕೆಲವೊಮ್ಮೆ ಪ್ರತಿಕಾರರ ಕೈಯಿಂದ ಬರುವುದುಂಟು. ಅಂತಹ ಸಂದೇಹಕ್ಕೆ ಇಲ್ಲಿ ಆಧಾರವಿದೆಯೇ ಎಂಬುದನ್ನು ಹಸ್ತಪ್ರತಿಗಳ ಹೋಲಿಕೆಯಿಂದ ನಿರ್ಣಯಿಸಬೇಕೇ ಹೊರತು ತರ್ಕದಿಂದಲ್ಲ. ಲುಪ್ತಾವಯವವನ್ನು ಕೂಡಿಸುವ ವಿದ್ಯೆ ಎಲ್ಲಿ ನಿಲ್ಲುತ್ತದೆಂಬುದು ಇದರಿಂದ ತಿಳಿಯುತ್ತದೆ. ಯಾವ ಮಾತನ್ನು ಪರೀಕ್ಷಿಸಬೇಕೆಂದು ಅದು ಬೆರಳಿಟ್ಟು ತೋರಿಸುತ್ತದೆ. ಪರೀಕ್ಷೆಯನ್ನು ಅದೇ ಮಾಡಲಾರದು. ಇನ್ನೊಂದು ಮಿತಿಯೂ ಉಂಟು. ಈ ವಾದವು ನೃಪತುಂಗನನ್ನು ಬಿಡಿಸುತ್ತದೆಯೇ ಹೊರತು ಮತ್ತಾರನ್ನೂ ಕೂರಿಸುವುದಿಲ್ಲ.

ಕೂರಿಸುವ ಕೆಲಸಕ್ಕೆ ಮೂರನೆಯ ವಾದ ಬೇಕಾಯಿತು. 11ನೆಯ ಶತಮಾನದ ದುರ್ಗಸಿಂಹನು ತನ್ನ ಪಂಚತಂತ್ರದಲ್ಲಿ ಶ್ರೀವಿಜಯನ ಕವಿಮಾರ್ಗವನ್ನು ಹೊಗಳಿದ್ದಾನೆ. ಆದ್ದರಿಂದ ಕವಿರಾಜಮಾರ್ಗವು ಶ್ರೀವಿಜಯನದು. ಹೇತುವಿನಲ್ಲಿರುವುದು ಕವಿಮಾರ್ಗ, ನಿಗಮನದಲ್ಲಿರುವುದು ಕವಿರಾಜಮಾರ್ಗ. ಈ ಎರಡು ಹೆಸರುಗಳೂ ಒಂದೇ ಗ್ರಂಥದವೆಂಬುದೇ ಅನುಕ್ತವಾಗಿ ಉಳಿದ ಮಾತು. ಓದುವಾಗ ಕಣ್ಣು ಈ ಎಡೆಯನ್ನು ದಾಟಿಬಿಡುತ್ತದೆ, ಏಕೆಂದರೆ ಹೆಸರುಗಳು ಅಷ್ಟು ಹತ್ತಿರವಾಗಿವೆ. ಲೋಪವು ಹೆಚ್ಚಾಗಿ ಅಡಗುವುದು ಹೀಗೆ ಸಾದೃಶ್ಯದ ನೆರಳಿನಲ್ಲಿಯೇ. ಈ ಮಾತನ್ನು ಸಮರ್ಥಿಸುವವರು ಅಂತಹ ಹೆಸರಿನ ಬೇರೊಂದು ಕನ್ನಡ ಗ್ರಂಥವು ದೊರೆತಿಲ್ಲವೆನ್ನಬಹುದು. ಆಗ ಮತ್ತೊಂದು ಲೋಪ ತಲೆಯೆತ್ತುತ್ತದೆ: ಇದ್ದುದೆಲ್ಲವೂ ದೊರೆತಿದೆಯೇ? ಕವಿರಾಜಮಾರ್ಗವೇ ಹೆಸರಿಸುವ ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರ ಕನ್ನಡ ಕೃತಿಗಳಲ್ಲಿ ಒಂದಾದರೂ ಉಳಿದುಬಂದಿಲ್ಲ. ಕಳೆದುಹೋದುದು ಇಷ್ಟಿರುವಾಗ, ದೊರೆತಿಲ್ಲವಾದ್ದರಿಂದ ಇರಲಿಲ್ಲವೆಂಬ ವ್ಯಾಪ್ತಿಯು ನಿಲ್ಲುವುದು ಕಷ್ಟ. ಅದಕ್ಕಿಂತ, ಕವಿಗಳಿಗೆ ದಾರಿ ತೋರುವ ಗ್ರಂಥವೆಂಬ ವಿಷಯಸಾಮ್ಯವನ್ನು ಆಧಾರವಾಗಿ ಕೊಡುವುದು ಮೇಲು. ಅದು ಸಂಭವವನ್ನಾದರೂ ಹೆಚ್ಚಿಸುತ್ತದೆ.

ಇದಕ್ಕೆ ಎದುರಾಗಿ ನಾಲ್ಕನೆಯ ವಾದವೊಂದುಂಟು. ಕವಿರಾಜಮಾರ್ಗವು ಕನ್ನಡದ ಪದ್ಯಕವಿಗಳನ್ನು ಹೆಸರಿಸುವಾಗ ಶ್ರೀವಿಜಯನನ್ನೂ ಹೆಸರಿಸಿದೆ. ಆದ್ದರಿಂದ ಶ್ರೀವಿಜಯನು ಅದರ ಕರ್ತೃವಲ್ಲ. ಇದರಲ್ಲಿ ಲೋಪವಾದುವು ಎರಡು. ಗ್ರಂಥಕಾರನು ತಾನು ಎಣಿಸುವ ಕವಿಗಳ ಪಂಕ್ತಿಯಲ್ಲಿ ತನ್ನನ್ನು ಕೂರಿಸಿಕೊಳ್ಳುವುದಿಲ್ಲವೆಂಬುದು ಒಂದು; ಶ್ರೀವಿಜಯನೆಂಬ ಹೆಸರಿನವನು ಒಬ್ಬನೇ ಇದ್ದನೆಂಬುದು ಇನ್ನೊಂದು. ಮೊದಲನೆಯದು ಲೋಕಾನುಭವಕ್ಕೆ ಹೊಂದಿಕೆಯಾಗುವ ಮಾತು. ಎರಡನೆಯದು ಹಾಗಲ್ಲ, ಒಂದೇ ಹೆಸರಿನ ಇಬ್ಬರು ಕವಿಗಳು ಕನ್ನಡಕ್ಕೆ ಹೊಸಬರಲ್ಲ. ಇಬ್ಬರು ನಾಗವರ್ಮರಿದ್ದಾರೆ, ಇಬ್ಬರು ಗುಣವರ್ಮರಿದ್ದಾರೆ. ಎರಡನೆಯ ಕಂಬ ಸಡಿಲವಾದುದರಿಂದ ಮೊದಲನೆಯದು ಎಷ್ಟು ಗಟ್ಟಿಯಾಗಿದ್ದರೂ ಚಪ್ಪರ ನಿಲ್ಲದು.

ಹೀಗೆ ನಾಲ್ಕು ವಾದಗಳನ್ನೂ ಬಿಡಿಸಿಟ್ಟ ಮೇಲೆ ಫಲಿತವೇನು? ನೃಪತುಂಗನ ಪಕ್ಷದ ವ್ಯಾಪ್ತಿಯು ಒಡೆದಿದೆ. ಅನುಮತವೆಂಬ ಶಬ್ದದ ಆಧಾರವು ಪರಿಚ್ಛೇದಾಂತ್ಯದ ಗದ್ಯದ ಪ್ರಾಮಾಣ್ಯವಿರುವವರೆಗೆ ನಿಲ್ಲುತ್ತದೆ. ಶ್ರೀವಿಜಯನ ಪಕ್ಷವು ಎರಡು ಹೆಸರುಗಳ ಅಭೇದವನ್ನು ನಂಬಿದೆ, ಅದು ಸಂಭವನೀಯವಾದುದು. ಇಂದು ಹೆಚ್ಚಿನ ವಿದ್ವಾಂಸರು ಶ್ರೀವಿಜಯನನ್ನು ಒಪ್ಪಿರುವುದು ಯುಕ್ತವೇ ಆಗಿದೆ. ಆದರೆ ಆ ಒಪ್ಪಿಗೆಯ ಮೂಲೆಗಲ್ಲು ಯಾವುದೆಂಬುದು ಓದುಗನಿಗೆ ತಿಳಿದಿರಬೇಕು. ನಾಳೆ ಶ್ರೀವಿಜಯನ ಬೇರೊಂದು ಕವಿಮಾರ್ಗದ ಓಲೆಯೊಂದು ದೊರೆತರೆ ಯಾವ ಕಲ್ಲು ಅಲುಗುತ್ತದೆ, ಯಾವುದು ಅಲುಗುವುದಿಲ್ಲವೆಂದು ಅವನು ಕೂಡಲೇ ಹೇಳಬಲ್ಲವನಾಗುತ್ತಾನೆ. ನೃಪತುಂಗನ ಕವಿರಾಜಮಾರ್ಗವೆಂದು ಕಂಠಪಾಠ ಮಾಡಿದವನೂ, ಶ್ರೀವಿಜಯನ ಕವಿರಾಜಮಾರ್ಗವೆಂದು ಕಂಠಪಾಠ ಮಾಡಿದವನೂ ಇದನ್ನು ಹೇಳಲಾರರು.

ಬಿಟ್ಟ ಮಾತು ಎಲ್ಲರೂ ಬಲ್ಲದ್ದಾಗಿದ್ದರೆ ಲೋಪವು ಸೌಜನ್ಯ. ಅದು ಸಂದಿಗ್ಧವಾದದ್ದಾಗಿದ್ದರೆ ಲೋಪವು ಅನವಧಾನ. ಬಾಯಿಬಿಟ್ಟು ಹೇಳಿದರೆ ಸಭೆಯೇ ಅಲ್ಲಗಳೆದೀತೆಂದು ಬಿಟ್ಟದ್ದಾಗಿದ್ದರೆ ಲೋಪವು ವಂಚನೆ. ಈ ಮೂರನ್ನು ಬೇರ್ಪಡಿಸುವ ಉಪಾಯ ಒಂದೇ: ಬಿಟ್ಟ ಮಾತನ್ನು ಪೂರ್ಣವಾಕ್ಯವಾಗಿ ಬರೆದು, ಆಡಿದವನ ಮುಂದೆಯೇ ಗಟ್ಟಿಯಾಗಿ ಓದುವುದು. ಮೊದಲನೆಯ ಬಗೆಯವನು ‘ಹೌದು, ಅದನ್ನೇಕೆ ಹೇಳಬೇಕಿತ್ತು?’ ಎನ್ನುತ್ತಾನೆ. ಎರಡನೆಯವನು ತಡೆದು ಯೋಚಿಸುತ್ತಾನೆ. ಮೂರನೆಯವನು ತಾನು ಹಾಗೆಂದಿಲ್ಲವೆಂದು ಸಿಟ್ಟಾಗುತ್ತಾನೆ. ಆದರೆ ಅದಿಲ್ಲದೆ ತನ್ನ ವಾದ ನಿಲ್ಲುವುದು ಹೇಗೆಂದು ಕೇಳಿದರೆ ಉತ್ತರ ಕೊಡಲಾರ.

ಶಾಲೆಯ ಅಧ್ಯಾಪಕರ ಕೋಣೆಯಲ್ಲಿ ಕೇಳಿಬರುವ ಮಾತೊಂದನ್ನು ಈ ಒರೆಗಲ್ಲಿಗೆ ಹಚ್ಚಬಹುದು. "ಆ ಹುಡುಗನ ಮನೆಯಲ್ಲಿ ಅಕ್ಷರ ಕಂಡವರಿಲ್ಲ, ಅವನಿಗೆ ವ್ಯಾಕರಣ ಹತ್ತುವುದುಂಟೆ?" ರೂಪದಲ್ಲಿ ಇದು ಪ್ರಶ್ನೆ, ವಸ್ತುತಃ ನಿಗಮನ. ಮನೆಯವರು ಕಲಿಯದ ವಿದ್ಯೆ ಮಗನಿಗೆ ಹತ್ತದೆಂಬುದು ಲೋಪವಾದ ವ್ಯಾಪ್ತಿ. ಅದನ್ನು ಪೂರ್ಣವಾಕ್ಯವಾಗಿ ಬರೆದು ಗೋಡೆಗೆ ಹಚ್ಚಿದರೆ ಅಧ್ಯಾಪಕರಲ್ಲಿ ಯಾರೂ ಅದರ ಕೆಳಗೆ ಸಹಿ ಹಾಕುವುದಿಲ್ಲ. ಉಚಿತ ಪ್ರಸಾದನಿಲಯಗಳಲ್ಲಿ ಉಂಡು ಓದಿ, ಮನೆತನದಲ್ಲಿ ಮೊದಲು ಅಕ್ಷರ ಕಂಡವರಾಗಿ ಪದವೀಧರರಾದ ಹಳೆಯ ವಿದ್ಯಾರ್ಥಿಗಳೇ ಅದಕ್ಕೆ ಜೀವಂತ ವ್ಯಭಿಚಾರಸ್ಥಳಗಳು. ಇಲ್ಲಿ ತಾರ್ಕಿಕರು ಹೇಳುವ ಉಪಾಧಿಯೂ ಸ್ಪಷ್ಟವಾಗಿದೆ. ಬೆಂಕಿಯಿರುವಲ್ಲೆಲ್ಲ ಹೊಗೆಯಿರದು, ಹಸಿ ಸೌದೆಯ ಸಂಬಂಧವಿದ್ದರೆ ಮಾತ್ರ ಹೊಗೆ, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದೂ ಹೊಗೆಯಿಲ್ಲ. ಹಾಗೆಯೇ ಮನೆಯಲ್ಲಿ ಅಕ್ಷರವಿಲ್ಲದಿರುವುದರಿಂದಲೇ ವ್ಯಾಕರಣ ಹತ್ತದೆ ಹೋಗುವುದಿಲ್ಲ. ತಿದ್ದುವವರಿಲ್ಲದಿರುವುದು ಅದರೊಡನೆ ಸೇರಿದಾಗ ಹತ್ತದೆ ಹೋಗುತ್ತದೆ. ತಿದ್ದುವವರು ದೊರೆತ ಕಡೆ ವ್ಯಾಪ್ತಿ ಮುರಿಯುತ್ತದೆ. ಆ ಹುಡುಗನು ಹಿಂದಿನ ಸಾಲಿನಲ್ಲಿ ಉಳಿಯುವುದಕ್ಕೂ ಮುಂದಿನ ಸಾಲಿಗೆ ಬರುವುದಕ್ಕೂ ಕಾರಣವಾಗುವುದು ಯಾರೂ ಆಡದ ಈ ಒಂದು ವಾಕ್ಯ.

ಉತ್ತರಪತ್ರಿಕೆಯನ್ನು ತಿದ್ದುವಾಗಲೂ ಇದೇ ವಿವೇಕ ಬೇಕಾಗುತ್ತದೆ. ವಿದ್ಯಾರ್ಥಿಯು ಹೇತುವನ್ನೂ ನಿಗಮನವನ್ನೂ ಬರೆದು ನಡುವಿನ ಮಾತನ್ನು ಬಿಟ್ಟಿರುತ್ತಾನೆ. ಆ ಮಾತನ್ನು ತಿಳಿದು ಬಿಟ್ಟನೋ, ತಿಳಿಯದೆ ಬಿಟ್ಟನೋ? ಎರಡು ಬರಹಗಳೂ ಕಣ್ಣಿಗೆ ಒಂದೇ ರೀತಿ ಕಾಣುತ್ತವೆ. ಅಂಚಿನಲ್ಲಿ ಅಂಕ ಕಳೆದರೆ ಉತ್ತರ ದೊರೆಯುವುದಿಲ್ಲ. ಅವನನ್ನು ಕರೆದು, "ಈ ‘ಆದ್ದರಿಂದ’ದ ಹಿಂದೆ ಏನಿದೆ, ಹೇಳು" ಎಂದು ಕೇಳಿದರೆ ದೊರೆಯುತ್ತದೆ. ತಿಳಿದವನು ಒಂದೇ ವಾಕ್ಯದಲ್ಲಿ ಹೇಳಿಬಿಡುತ್ತಾನೆ. ತಿಳಿಯದವನು ಬರೆದುದನ್ನೇ ಮತ್ತೆ ಓದುತ್ತಾನೆ. ಅವನಿಗೆ ಕಲಿಸಬೇಕಾದ ಪಾಠ ಎಲ್ಲಿಂದ ಆರಂಭವಾಗಬೇಕೆಂಬುದು ಅಧ್ಯಾಪಕನಿಗೆ ಅಲ್ಲಿಯೇ ಗೊತ್ತಾಗುತ್ತದೆ.